ಸಂಘದ ವಾರ್ಷಿಕ ವರದಿಯ ಕರಡು ತಿದ್ದುವಾಗ: ‘ಕಾರ್ಯದರ್ಶಿಗಳು ಮಂಡಿಸಲಾಯಿತು’ ಎಂಬುದು ಸರಿಯೇ?

ಮಲೆನಾಡಿನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ವಾರ್ಷಿಕ ವರದಿಯನ್ನು ಮುದ್ರಣಕ್ಕೆ ಕೊಡುವ ಮೊದಲು ಒಮ್ಮೆ ನೋಡಿಕೊಡಬೇಕೆಂದು ಸಂಘದವರು ನನ್ನನ್ನು ಕೇಳಿದ್ದಾರೆ. ಒಟ್ಟು 24 ಪುಟಗಳಿವೆ. ವರದಿಯನ್ನು ಕನ್ನಡದಲ್ಲಿಯೇ ಬರೆದಿದ್ದಾರೆ, ಯಾವುದರಿಂದಲೂ ಅನುವಾದಿಸಿದ್ದಲ್ಲ. ನಾನು ಕನ್ನಡ ಶಿಕ್ಷಕಿಯಾದರೂ ಮಕ್ಕಳ ಉತ್ತರಪತ್ರಿಕೆ ತಿದ್ದುವ ಪದ್ದತಿ ಬೇರೆ, ಇಂತಹ ವರದಿಯನ್ನು ತಿದ್ದುವ ರೀತಿ ಬೇರೆ ಎಂಬುದು ಎರಡನೆಯ ಪುಟಕ್ಕೇ ಗೊತ್ತಾಯಿತು. ಕಾಗುಣಿತದ ತಪ್ಪುಗಳು ಕಣ್ಣಿಗೆ ಬೀಳುತ್ತವೆ. ಆದರೆ ಕೆಲವು ವಾಕ್ಯಗಳಲ್ಲಿ ಏನೋ ಸರಿಯಿಲ್ಲವೆಂದು ಅನಿಸುತ್ತದೆಯೇ ಹೊರತು ಏನೆಂದು ಬೆರಳಿಟ್ಟು ತೋರಿಸಲು ಆಗುತ್ತಿಲ್ಲ. ಒಂದು ಭಾಗವನ್ನು ಇದ್ದ ಹಾಗೆಯೇ ಕೊಡುತ್ತಿದ್ದೇನೆ.

> ಸ೦ಘದ ವಾರ್ಷಿಕ ಮಹಾ ಸಭೆ ಯನ್ನು ಅದ್ಯಕ್ಷ ರವರು ಉದ್ಗಾಟಿಸಲಾಯಿತು. ಕಾರ್ಯದರ್ಶಿಗಳು ಹಿಂದಿನ ಸಾಲಿನ ಲೆಕ್ಕ ಪತ್ರ ವನ್ನು ಸಭೆಯ ಮುಂದೆ ಮಂಡಿಸಲಾಯಿತು. ಹೊಸ ಸದಸ್ಯತ್ವಕ್ಕೆ ಬಂದ 37 ಅರ್ಜಿಗಳನ್ನು ಪರಿಶೀಲಿಸಲಾಗಿವೆ. ಇದರಲ್ಲಿ 31 ಅರ್ಜಿಗಳು ಕ್ರಮಬದ್ದವಾಗಿದೆ. ಹಾಲು ಪರೀಕ್ಷಿಸುವ ಯಂತ್ರವನ್ನು ಸಮಿತಿಯವರು ನೋಡಿಕೊಂಡಿರುತ್ತಾರೆ. ಸಂಘದ ಅಭಿವೃದ್ದಿಗೆ ಎಲ್ಲಾ ಸದಸ್ಯರು ಸಹಕರಿಸ ಬೇಕೆಂದು ತೀರ್ಮಾನಿಸಲಾಯಿತು.

ಮುಖ್ಯವಾಗಿ ‘ಮಂಡಿಸಲಾಯಿತು’, ‘ಪರಿಶೀಲಿಸಲಾಗಿವೆ’ ಎಂಬ ಕ್ರಿಯಾಪದಗಳ ಬಗ್ಗೆ ತಿಳಿದವರು ಹೇಳಬೇಕು.

ಧಾರವಾಡದ ಓದುಗ

ಮೇಡಂ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ‘ಕಾರ್ಯದರ್ಶಿಗಳು ಮಂಡಿಸಲಾಯಿತು’ ಎಂಬುದು ತಪ್ಪು. ಇದು ಕರ್ಮಣಿ ಪ್ರಯೋಗವಾದ್ದರಿಂದ ಕರ್ತೃವಿಗೆ ತೃತೀಯಾ ವಿಭಕ್ತಿ ಬರಬೇಕು, ಕರ್ಮಕ್ಕೆ ಪ್ರಥಮಾ ಬರಬೇಕು. ಆದ್ದರಿಂದ ‘ಕಾರ್ಯದರ್ಶಿಗಳಿಂದ ಲೆಕ್ಕಪತ್ರವು ಸಭೆಯ ಮುಂದೆ ಮಂಡಿಸಲ್ಪಟ್ಟಿತು’ ಎಂದು ತಿದ್ದಿರಿ. ಎಲ್ಲ ‘ಲಾಯಿತು’ಗಳನ್ನೂ ಇದೇ ರೀತಿ ಬದಲಾಯಿಸಿದರೆ ವ್ಯಾಕರಣದ ತೊಂದರೆ ಇರುವುದಿಲ್ಲ. ನಮ್ಮ ಕಡೆಯ ಸಂಘಗಳ ವರದಿಗಳಲ್ಲಿ ‘ಠರಾವು’ ಎಂದು ಬರೆಯುತ್ತಾರೆ, ನಿಮ್ಮಲ್ಲಿ ‘ತೀರ್ಮಾನ’ ಎಂದಿದೆ. ಅದನ್ನು ಬದಲಾಯಿಸಬೇಕಾಗಿಲ್ಲ.

ಹಳೆಯ ಕರಡಚ್ಚು

ಮುದ್ರಣಾಲಯದಲ್ಲಿ ಬಹಳ ವರ್ಷ ಕರಡು ತಿದ್ದಿದವನು ನಾನು. ಧಾರವಾಡದ ಓದುಗರು ತಪ್ಪನ್ನು ಸರಿಯಾಗಿ ಗುರುತಿಸಿದ್ದಾರೆ, ಆದರೆ ಕೊಟ್ಟ ಮದ್ದು ರೋಗಕ್ಕಿಂತ ಕಹಿಯಾಗಿದೆ. ‘ಮಂಡಿಸಲ್ಪಟ್ಟಿತು’ ಎಂಬುದು ವ್ಯಾಕರಣದ ಪುಸ್ತಕದಲ್ಲಿ ಸರಿ. ಆದರೆ ಇಪ್ಪತ್ತನಾಲ್ಕು ಪುಟಗಳ ತುಂಬ ‘ಲ್ಪಟ್ಟಿತು’ ಎಂದು ಓದಬೇಕಾದ ಸದಸ್ಯರ ಗತಿಯನ್ನು ಯೋಚಿಸಿ.

‘ಲಾಯಿತು’ ಮತ್ತು ‘ಲ್ಪಟ್ಟಿತು’ ಎರಡೂ ಒಂದೇ ಎಂದು ಭಾವಿಸುವುದರಿಂದಲೇ ಈ ಗೊಂದಲ ಹುಟ್ಟುತ್ತದೆ. ‘ಲ್ಪಟ್ಟಿತು’ ಎಂದಾಗ ವಸ್ತುವೇ ವಾಕ್ಯದ ಯಜಮಾನನಾಗುತ್ತದೆ, ಆದ್ದರಿಂದ ‘ಅರ್ಜಿಗಳು ಪರಿಶೀಲಿಸಲ್ಪಟ್ಟಿವೆ’ ಎಂದು ಬಹುವಚನ ಬರುತ್ತದೆ. ‘ಲಾಯಿತು’ ಅಥವಾ ‘ಲಾಗಿದೆ’ ಎಂದಾಗ ಯಾರು ಮಾಡಿದರೆಂಬುದನ್ನು ಬೇಕೆಂದೇ ಬಿಟ್ಟಿರುತ್ತೇವೆ, ವಸ್ತುವಿಗೆ ‘ಅನ್ನು’ ಹಾಗೆಯೇ ಉಳಿಯುತ್ತದೆ. ವಾಕ್ಯಕ್ಕೆ ಯಜಮಾನನೇ ಇಲ್ಲದ್ದರಿಂದ ಕ್ರಿಯಾಪದವು ಯಾವಾಗಲೂ ನಪುಂಸಕ ಏಕವಚನದಲ್ಲಿ ನಿಲ್ಲುತ್ತದೆ. ಆದ್ದರಿಂದ ಅರ್ಜಿ ಒಂದಿರಲಿ, ಮೂವತ್ತೇಳಿರಲಿ, ‘ಅರ್ಜಿಗಳನ್ನು ಪರಿಶೀಲಿಸಲಾಗಿದೆ’ ಎಂಬುದೇ ಸರಿ, ‘ಪರಿಶೀಲಿಸಲಾಗಿವೆ’ ತಪ್ಪು. ಅದರ ಮುಂದಿನ ವಾಕ್ಯದಲ್ಲಿ ಮಾತ್ರ ‘ಅರ್ಜಿಗಳು’ ಎಂಬುದೇ ಕರ್ತೃವಾಗಿರುವುದರಿಂದ ‘ಕ್ರಮಬದ್ಧವಾಗಿವೆ’ ಎಂದಾಗಬೇಕು. ಬರೆದವರು ಎರಡು ಕಡೆಯೂ ತಿರುಗುಮುರುಗಾಗಿ ಬರೆದಿದ್ದಾರೆ. ‘ಇದರಲ್ಲಿ’ ಎಂಬುದನ್ನೂ ‘ಇವುಗಳಲ್ಲಿ’ ಎಂದು ಮಾಡಿ.

ಈಗ ಕಾರ್ಯದರ್ಶಿಗಳ ವಿಷಯ. ಇಂತಹ ವಾಕ್ಯ ಹೇಗೆ ಹುಟ್ಟುತ್ತದೆಂದು ನಾನು ಅನೇಕ ಕರಡುಗಳಲ್ಲಿ ನೋಡಿದ್ದೇನೆ. ಹಿಂದಿನ ವರ್ಷದ ವರದಿಯಲ್ಲಿ ‘ಲೆಕ್ಕಪತ್ರವನ್ನು ಸಭೆಯ ಮುಂದೆ ಮಂಡಿಸಲಾಯಿತು’ ಎಂದು ಸರಿಯಾಗಿಯೇ ಇರುತ್ತದೆ. ಈ ವರ್ಷ ಯಾರೋ ‘ಮಂಡಿಸಿದವರ ಹೆಸರೂ ಇರಲಿ’ ಎನ್ನುತ್ತಾರೆ. ಬೆರಳಚ್ಚು ಮಾಡುವವರು ವಾಕ್ಯದ ಮೊದಲಿಗೆ ‘ಕಾರ್ಯದರ್ಶಿಗಳು’ ಎಂದು ಸೇರಿಸುತ್ತಾರೆ, ತುದಿಯನ್ನು ಮುಟ್ಟುವುದಿಲ್ಲ. ತಿದ್ದುವ ದಾರಿ ಸುಲಭವಾಗಿದೆ: ಕ್ರಿಯಾಪದವನ್ನು ಹಿಡಿದು ‘ಯಾರು?’ ಎಂದು ಕೇಳಿರಿ. ಉತ್ತರ ಅದೇ ವಾಕ್ಯದಲ್ಲಿದ್ದರೆ ‘ಮಂಡಿಸಿದರು’ ಎಂದು ಬರೆಯಿರಿ, ಇಲ್ಲದಿದ್ದರೆ ‘ಮಂಡಿಸಲಾಯಿತು’ ಇರಲಿ. ‘ಮಂಡಿಸಿದರು’ ಎಂಬುದು ‘ಮಂಡಿಸಲಾಯಿತು’ ಎಂಬುದಕ್ಕಿಂತ ಗೌರವದಲ್ಲಿ ಕಡಿಮೆ ಎಂಬ ಭಾವನೆ ಕಚೇರಿಗಳಲ್ಲಿ ಏಕೆ ಬೇರೂರಿದೆಯೋ ತಿಳಿಯದು.

ಆದರೆ ಈ ಪರೀಕ್ಷೆಯನ್ನು ಕಣ್ಣುಮುಚ್ಚಿ ಮಾಡಬೇಡಿ. ನಿಮ್ಮ ಕೊನೆಯ ವಾಕ್ಯದಲ್ಲಿ ‘ಸದಸ್ಯರು’ ಎಂದೂ ಇದೆ, ‘ತೀರ್ಮಾನಿಸಲಾಯಿತು’ ಎಂದೂ ಇದೆ, ಆದರೂ ಅದು ಸರಿಯಾದ ವಾಕ್ಯ. ಅಲ್ಲಿ ಸದಸ್ಯರು ‘ಸಹಕರಿಸಬೇಕು’ ಎಂಬುದಕ್ಕೆ ಸೇರಿದವರು, ತೀರ್ಮಾನಿಸಿದವರು ಯಾರೆಂದು ವಾಕ್ಯ ಹೇಳಿಲ್ಲ.

ಎಲ್ಲರ ಬರಹ

ಕಾಗುಣಿತದ ತಪ್ಪುಗಳೆಂದು ನೀವು ಹೇಳುತ್ತಿರುವುದರಲ್ಲಿ ಹೆಚ್ಚಿನವು ಮಹಾಪ್ರಾಣದವು. ಕನ್ನಡಿಗರು ಮಾತಿನಲ್ಲಿ ಮಹಾಪ್ರಾಣವನ್ನು ಹೆಚ್ಚಾಗಿ ಉಲಿಯುವುದಿಲ್ಲ, ಆದ್ದರಿಂದ ಬರಹದಲ್ಲಿಯೂ ಅವು ಬೇಡವೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದಾರಲ್ಲವೇ? ‘ಅದ್ಯಕ್ಶ’, ‘ಅಬಿವ್ರುದ್ದಿ’ ಎಂದು ಬರೆದರೂ ಓದುಗರಿಗೆ ಅರ್ಥವಾಗುತ್ತದೆ. ಹಾಲು ಹಾಕುವ ರೈತರಿಗಾಗಿ ಬರೆದ ವರದಿಯನ್ನು ಸಂಸ್ಕೃತದ ಅಳತೆಗೋಲಿನಿಂದ ಏಕೆ ತಿದ್ದಬೇಕು?

ಹಳೆಯ ಕರಡಚ್ಚು

ಆ ವಾದವನ್ನು ನಾನು ಗೌರವದಿಂದಲೇ ಓದಿದ್ದೇನೆ. ಆದರೆ ಅದು ಲಿಪಿ ಹೇಗಿರಬೇಕೆಂಬ ಪ್ರಶ್ನೆ, ಇಲ್ಲಿರುವುದು ಒಂದು ವರದಿಯನ್ನು ತಿದ್ದುವ ಪ್ರಶ್ನೆ. ಮೇಡಂ ಅವರ ಕರಡಿನಲ್ಲಿ ಒಂದು ಪುಟದಲ್ಲಿ ‘ಅಧ್ಯಕ್ಷ’, ಇನ್ನೊಂದು ಪುಟದಲ್ಲಿ ‘ಅದ್ಯಕ್ಷ’ ಎಂದಿದ್ದರೆ ಅದು ಯಾವ ವಾದದ ಪ್ರಕಾರವೂ ಸರಿಯಲ್ಲ. ಕರಡು ತಿದ್ದುವವನು ಸಂಸ್ಥೆ ಅನುಸರಿಸುವ ಬರಹವನ್ನು ಒಂದೇ ತೆರನಾಗಿ ಮಾಡಬೇಕು, ತನ್ನ ಮತವನ್ನು ಅದರಲ್ಲಿ ತುರುಕಬಾರದು.

ಅಂದ ಹಾಗೆ ಮೇಡಂ, ನಿಮ್ಮ ಮೊದಲ ಸಂದೇಶದಲ್ಲಿ ‘ಪದ್ದತಿ’ ಎಂದು ಬಂದಿದೆ. ‘ಪದ್ಧತಿ’ ಆಗಬೇಕು. ಕೊಂಕು ತೆಗೆಯಲು ಹೇಳುತ್ತಿಲ್ಲ. ಎಷ್ಟು ತಿಳಿದವರ ಕಣ್ಣಿಗೂ ತಪ್ಪಿಸಿಕೊಳ್ಳುವ ಜಾಗ ಇದು. ಕರಡಿನಲ್ಲಿರುವ ‘ಅಭಿವೃದ್ದಿ’, ‘ಕ್ರಮಬದ್ದ’ ಎರಡೂ ಇದೇ ಜಾತಿಯವು. ದ-ಕಾರದ ಕೆಳಗಿನ ಒತ್ತು ಅಚ್ಚಿನಲ್ಲಿ ಸಣ್ಣದಾಗಿ ಮೂಡುವುದರಿಂದ ‘ದ್ದ’ ಮತ್ತು ‘ದ್ಧ’ಗಳ ನಡುವಿನ ವ್ಯತ್ಯಾಸ ಓದುವ ವೇಗದಲ್ಲಿ ಕಾಣುವುದಿಲ್ಲ.

ಮಲೆನಾಡಿನ ಶಿಕ್ಷಕಿ

ನಾಚಿಕೆಯಾಯಿತು ಸರ್. ಅದನ್ನು ಅಳಿಸದೆ ಹಾಗೆಯೇ ಬಿಟ್ಟಿರುತ್ತೇನೆ. ‘ದ್ದ’ ಎಲ್ಲಿ, ‘ದ್ಧ’ ಎಲ್ಲಿ ಎಂಬುದಕ್ಕೆ ಏನಾದರೂ ಗುರುತು ಇದೆಯೇ?

ಧಾರವಾಡದ ಓದುಗ

ಸಂಸ್ಕೃತ ಪದವಾದರೆ ‘ದ್ಧ’, ಕನ್ನಡ ಪದವಾದರೆ ‘ದ್ದ’. ಶುದ್ಧ, ಸಿದ್ಧ, ಯುದ್ಧ, ವಿರುದ್ಧ ಒಂದು ಕಡೆ. ಇದ್ದರು, ಎದ್ದರು, ಮುದ್ದು, ಹೆದ್ದಾರಿ ಇನ್ನೊಂದು ಕಡೆ.

ಮುಂಬಯಿ ಕನ್ನಡಿಗ

ಈ ನಿಯಮವನ್ನು ನಂಬಿ ನಾನು ಪಟ್ಟ ಪಾಡನ್ನು ಹೇಳುತ್ತೇನೆ. ನಮ್ಮ ಕನ್ನಡ ಸಂಘವೊಂದರ ಸ್ಮರಣ ಸಂಚಿಕೆಗೆ ಬಂದ ಲೇಖನಗಳಲ್ಲಿ ‘ಪ್ರಸಿದ್ದ’, ‘ಶುದ್ದ’ ಎಂಬ ತಪ್ಪುಗಳು ತುಂಬಿದ್ದವು. ಒಂದೊಂದಾಗಿ ತಿದ್ದಲು ಬೇಸರವಾಗಿ, ಮುದ್ರಣದ ಹಿಂದಿನ ರಾತ್ರಿ ಇಡೀ ಕಡತದಲ್ಲಿ ‘ದ್ದ’ ಎಂದಿದ್ದುದನ್ನೆಲ್ಲ ‘ದ್ಧ’ ಎಂದು ಒಂದೇ ಬಾರಿಗೆ ಬದಲಾಯಿಸಿದೆ. ಸಂಚಿಕೆ ಕೈಗೆ ಬಂದಾಗ ಅಧ್ಯಕ್ಷರ ಮುನ್ನುಡಿಯಲ್ಲಿ ‘ನಾವು ಊರಿನಲ್ಲಿ ಇದ್ಧಾಗ’, ‘ಉದ್ಧನೆಯ ದಾರಿ’ ಎಂದು ಅಚ್ಚಾಗಿತ್ತು. ಸಂಸ್ಕೃತ ಪದಗಳೂ ಉಳಿಯಲಿಲ್ಲ, ‘ಸಂಘದ ಮೂಲ ಉದ್ಧೇಶ’ ಎಂಬುದು ದಪ್ಪ ಅಕ್ಷರದಲ್ಲಿತ್ತು.

ಹಳೆಯ ಕರಡಚ್ಚು

ಮುಂಬಯಿಯವರ ಕೊನೆಯ ಉದಾಹರಣೆ ಧಾರವಾಡದ ಓದುಗರ ನಿಯಮದ ಅರ್ಧವನ್ನು ಅಲ್ಲಗಳೆಯುತ್ತದೆ. ಕನ್ನಡದ್ದೇ ಆದ ಪದದಲ್ಲಿ ‘ದ್ಧ’ ಬರುವುದಿಲ್ಲ ಎಂಬುದನ್ನು ನೆಚ್ಚಿಕೊಳ್ಳಬಹುದು. ಆದರೆ ಸಂಸ್ಕೃತ ಪದದಲ್ಲೆಲ್ಲ ‘ದ್ಧ’ ಬರುತ್ತದೆಂದು ಹೇಳಲಾಗದು. ‘ಉತ್’ ಎಂಬುದರ ಮುಂದೆ ‘ದೇಶ’ ಬಂದರೆ ‘ಉದ್ದೇಶ’ ಆಗುತ್ತದೆ. ‘ಹಾರ’ ಬಂದರೆ ‘ಉದ್ಧಾರ’ ಆಗುತ್ತದೆ. ವರದಿಯ ಮಟ್ಟಿಗೆ ಬದ್ಧ, ವೃದ್ಧಿ, ಶುದ್ಧ, ಸಿದ್ಧ, ಪದ್ಧತಿ, ವಿರುದ್ಧ ಎಂಬ ಆರು ಪದಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಪ್ರತಿಯೊಂದನ್ನೂ ಬೇರೆಬೇರೆಯಾಗಿ ಹುಡುಕಿದರೆ ಹೆಚ್ಚುಕಡಿಮೆ ಎಲ್ಲವೂ ಸಿಕ್ಕುತ್ತವೆ. ಅಕ್ಷರವನ್ನು ಹುಡುಕಿ ಬದಲಾಯಿಸಬಾರದು, ಪದವನ್ನು ಹುಡುಕಿ ಬದಲಾಯಿಸಬೇಕು. ‘ಉದ್ಘಾಟನೆ’ಯನ್ನೂ ಆ ಚೀಟಿಗೆ ಸೇರಿಸಿಕೊಳ್ಳಿ.

ಗಣಕ ಗೆಳೆಯ

ಮೇಡಂ, ನೀವು ಕೊಟ್ಟ ಭಾಗದ ಮೊದಲ ಪದವನ್ನು ಯಾರೂ ಗಮನಿಸಿದಂತಿಲ್ಲ. ಅಲ್ಲಿರುವುದು ‘ಸಂಘ’ ಅಲ್ಲ, ‘ಸ೦ಘ’. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕುಳಿತಿದೆ. ಕಣ್ಣಿಗೆ ಎರಡೂ ಒಂದೇ, ಆದರೆ ಗಣಕಯಂತ್ರಕ್ಕೆ ಬೇರೆಬೇರೆ. ಕೊನೆಯ ವಾಕ್ಯದ ‘ಸಂಘದ’ ಎಂಬುದರಲ್ಲಿ ಸರಿಯಾದ ಅನುಸ್ವಾರವಿದೆ, ಆದ್ದರಿಂದ ಇಬ್ಬರು ಬೆರಳಚ್ಚು ಮಾಡಿರಬೇಕು ಅಥವಾ ಹಳೆಯ ವರದಿಯಿಂದ ಸ್ವಲ್ಪ ಭಾಗವನ್ನು ಎತ್ತಿ ಹಾಕಿರಬೇಕು. ಇದನ್ನು ತಿದ್ದದೆ ಹುಡುಕಲು ಹೊರಟರೆ ಅನುಸ್ವಾರವಿರುವ ಪದಗಳಲ್ಲಿ ಕೆಲವು ಸಿಕ್ಕುವುದೇ ಇಲ್ಲ, ಸಿಕ್ಕಲಿಲ್ಲವೆಂಬುದೂ ಗೊತ್ತಾಗುವುದಿಲ್ಲ. ವಿಸರ್ಗದ ಜಾಗದಲ್ಲಿ ‘ದು:ಖ’ ಎಂದು ವಿವರಣ ಚಿಹ್ನೆ ಹಾಕುವುದೂ ಇಂತಹದೇ.

ಲಿಬ್ರೆ ಆಫೀಸ್‌ನ ಹುಡುಕು-ಬದಲಾಯಿಸು ಪೆಟ್ಟಿಗೆಯಲ್ಲಿ `Regular expressions` ಎಂಬುದನ್ನು ಆರಿಸಿಕೊಂಡು ಈ ಮೂರು ಸಾಲುಗಳನ್ನು ಒಂದೊಂದಾಗಿ ಹಾಕಿ ನೋಡಿ.

```
[\u0C85-\u0CCD]\u0CE6
[\u0C95-\u0CCD][\u0C85-\u0C94]
 (ಯನ್ನು|ವನ್ನು|ದಲ್ಲಿ|ಯಲ್ಲಿ|ದಿಂದ|ಯಿಂದ|ರವರು)
```

ಮೊದಲನೆಯದು ಅಕ್ಷರಕ್ಕೆ ಅಂಟಿಕೊಂಡ ಸೊನ್ನೆಯನ್ನು ಹಿಡಿಯುತ್ತದೆ; ‘೧೦’ ಎಂಬಂತಹ ಅಂಕಿಗಳನ್ನು ಮುಟ್ಟುವುದಿಲ್ಲ. ಎರಡನೆಯದು ಪದದ ನಡುವೆ ಸ್ವರಾಕ್ಷರ ಬಂದ ಕಡೆಗಳನ್ನು ತೋರಿಸುತ್ತದೆ. ‘ಸಭೆಅನ್ನು’, ‘ಹಣಇಲ್ಲ’ ಎಂದು ಸಂಧಿ ಮಾಡದೆ ಅಂಟಿಸಿದ ಪದಗಳೆಲ್ಲ ಅಲ್ಲಿ ಸಿಕ್ಕಿಬೀಳುತ್ತವೆ. ‘ಸಿಇಒ’ದಂತಹ ಹ್ರಸ್ವರೂಪಗಳೂ ಬರುತ್ತವೆ, ಅವನ್ನು ಬಿಟ್ಟು ಮುಂದೆ ಹೋಗಿ. ಮೂರನೆಯ ಸಾಲಿನ ಮೊದಲಿಗೆ ಒಂದು ತೆರಪು ಇದೆ, ನಕಲು ಮಾಡುವಾಗ ಅದು ಬಿಟ್ಟುಹೋಗದಿರಲಿ. ‘ಸಭೆ ಯನ್ನು’, ‘ಪತ್ರ ವನ್ನು’ ಎಂದು ಪ್ರತ್ಯಯ ಕಳಚಿಕೊಂಡ ಜಾಗಗಳನ್ನು ಅದು ಹಿಡಿಯುತ್ತದೆ. ಯಾವುದರಲ್ಲಿಯೂ ‘ಎಲ್ಲವನ್ನೂ ಬದಲಾಯಿಸು’ ಒತ್ತಬೇಡಿ. ಮುಂಬಯಿಯವರ ಕಥೆ ಕೇಳಿದ್ದೀರಿ.

ಮಲೆನಾಡಿನ ಶಿಕ್ಷಕಿ

ಈಗ ತಾನೇ ಹಾಕಿ ನೋಡಿದೆ. ಸೊನ್ನೆಯ ತಪ್ಪು ಮೊದಲ ಒಂಬತ್ತು ಪುಟಗಳಲ್ಲಿ ಮಾತ್ರ ಇದೆ, ನಂತರ ಒಂದೂ ಇಲ್ಲ. ಇಬ್ಬರು ಬೆರಳಚ್ಚು ಮಾಡಿದ್ದಾರೆಂಬ ನಿಮ್ಮ ಊಹೆ ನಿಜವೇ ಇರಬೇಕು. ಪದಗಳನ್ನು ಕೂಡಿಸುವ ವಿಷಯದಲ್ಲಿ ಇನ್ನೊಂದು ಅನುಮಾನವಿದೆ. ‘ಸಹಕರಿಸ ಬೇಕೆಂದು’ ಎಂಬುದನ್ನು ಕೂಡಿಸಿದೆ, ‘ಮಹಾ ಸಭೆ’, ‘ಲೆಕ್ಕ ಪತ್ರ’ ಎಂಬುವನ್ನೂ ಕೂಡಿಸಿದೆ. ಇದೇ ಪ್ರಕಾರ ‘ಮಾಡಿ ಕೊಡು’, ‘ನೋಡಿ ಕೊಳ್ಳು’ ಎಂಬಂತಹವನ್ನೆಲ್ಲ ಕೂಡಿಸುತ್ತಾ ಹೋಗಬಹುದೇ?

ಹಳೆಯ ಕರಡಚ್ಚು

‘ಬೇಕು’, ‘ಬಾರದು’, ‘ಬಹುದು’, ‘ತಕ್ಕದ್ದು’ ಇವುಗಳನ್ನು ಕೂಡಿಸುವುದರಲ್ಲಿ ಅನುಮಾನವಿಲ್ಲ. ‘ಕೊಳ್ಳು’, ‘ಕೊಡು’ ಬಂದಾಗ ಅರ್ಥವನ್ನು ಕೇಳಿಕೊಂಡು ಕೂಡಿಸಬೇಕು. ನಿಮ್ಮ ಕರಡಿನಲ್ಲಿಯೇ ಒಂದು ವಾಕ್ಯ ನನ್ನನ್ನು ಕಾಡುತ್ತಿದೆ: ‘ಹಾಲು ಪರೀಕ್ಷಿಸುವ ಯಂತ್ರವನ್ನು ಸಮಿತಿಯವರು ನೋಡಿಕೊಂಡಿರುತ್ತಾರೆ.’ ಸಮಿತಿಯವರು ಆ ಯಂತ್ರದ ಮೇಲ್ವಿಚಾರಣೆ ಮಾಡಿದರೋ, ಅಥವಾ ಅಂಗಡಿಗೆ ಹೋಗಿ ಅದನ್ನು ನೋಡಿ, ಕೊಂಡರೋ? ‘ನೋಡಿಕೊಂಡರು’ ಎಂದು ಕೂಡಿಸಿದರೆ ಮೊದಲನೆಯದು, ‘ನೋಡಿ ಕೊಂಡರು’ ಎಂದು ಬಿಡಿಸಿದರೆ ಎರಡನೆಯದು. ‘ಮಾಡಿಕೊಟ್ಟರು’, ‘ಮಾಡಿ ಕೊಟ್ಟರು’ ಎಂಬಲ್ಲಿಯೂ ಹೀಗೆಯೇ. ಇದು ತೆರಪಿನ ಪ್ರಶ್ನೆಯಾದರೂ ಲೆಕ್ಕ ತಪಾಸಣೆಗೆ ಬಂದವರಿಗೆ ಅದು ಖರ್ಚಿನ ಪ್ರಶ್ನೆ. ಬರೆದವರನ್ನೇ ಕೇಳಿ, ನಾವು ಊಹಿಸಿ ತಿದ್ದಬಾರದು.

ಮಲೆನಾಡಿನ ಶಿಕ್ಷಕಿ

ಸರ್, ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಅದು ಹೊಸ ಯಂತ್ರ, ಕೊಂಡದ್ದೇ ನಿಜ! ಖರ್ಚಿನ ಪಟ್ಟಿಯಲ್ಲಿ ಅದರ ಮೊತ್ತವೂ ಇದೆ. ಮೂಲ ಕೈಬರಹದಲ್ಲಿ ‘ನೋಡಿ, ಕೊಂಡಿರುತ್ತಾರೆ’ ಎಂದು ಅಲ್ಪವಿರಾಮ ಇತ್ತಂತೆ, ಬೆರಳಚ್ಚಿನಲ್ಲಿ ಬಿದ್ದುಹೋಗಿದೆ. ‘ಪರಿಶೀಲಿಸಿ ಖರೀದಿಸಿರುತ್ತಾರೆ’ ಎಂದು ಬರೆಯಲು ಅವರು ಒಪ್ಪಿದ್ದಾರೆ.

ಹಳೆಯ ಕರಡಚ್ಚು

ಒಳ್ಳೆಯದು. ‘ಖರೀದಿಸಿರುತ್ತಾರೆ’ ಎಂಬುದನ್ನು ‘ಖರೀದಿಸಿದ್ದಾರೆ’ ಎಂದು ಮಾಡಿದರೆ ವಾಕ್ಯ ಇನ್ನೂ ನೇರವಾಗುತ್ತದೆ. ‘ಇಷ್ಟು ಹೊತ್ತಿಗೆ ಅವರು ಊಟ ಮಾಡಿರುತ್ತಾರೆ’ ಎಂದರೆ ಊಹೆಯ ಮಾತು. ಮುಗಿದುಹೋದ ಕೆಲಸವನ್ನು ದಾಖಲಿಸುವಾಗ ಊಹೆಯ ರೂಪ ಏಕೆ? ‘ಸದಸ್ಯರು ಬಾಕಿಯನ್ನು ಪಾವತಿಸಿರುತ್ತಾರೆ’ ಎಂದು ಓದಿದರೆ ಪಾವತಿಸಿದ್ದಾರೋ, ಪಾವತಿಸಿರಬಹುದೋ ಎಂದು ನಾನು ಎರಡು ಸಲ ನೋಡುತ್ತೇನೆ.

ನಿವೃತ್ತ ಶಿರಸ್ತೇದಾರ

ಈವರೆಗೆ ಸುಮ್ಮನೆ ಓದುತ್ತಿದ್ದೆ, ಇಲ್ಲಿ ಮಾತ್ರ ಒಪ್ಪಲಾರೆ. ನಾನು ಸೇವೆಯಲ್ಲಿದ್ದಷ್ಟು ಕಾಲವೂ ‘ಹಾಜರಿರುತ್ತಾರೆ’, ‘ಪಾವತಿಸಿರುತ್ತಾರೆ’, ‘ಕಂಡುಬಂದಿರುತ್ತದೆ’ ಎಂದೇ ಬರೆದಿದ್ದೇವೆ. ಕಡತ ಓದುವ ಯಾವ ಅಧಿಕಾರಿಯೂ ಅದನ್ನು ಊಹೆಯೆಂದು ತಿಳಿದದ್ದನ್ನು ಕಂಡಿಲ್ಲ. ಊಟದ ಮನೆಯ ಅರ್ಥವನ್ನು ಕಚೇರಿಯ ಕಡತಕ್ಕೆ ಹಚ್ಚಬಾರದು. ಅದು ಅಲ್ಲಿನ ರೂಢಿ, ರೂಢಿಗೂ ಒಂದು ವ್ಯಾಕರಣವಿರುತ್ತದೆ.

ಇನ್ನೊಂದು ಮುಖ್ಯ ಮಾತು. ಮೇಡಂ ತಿದ್ದುತ್ತಿರುವುದು ವರದಿಯನ್ನೋ, ಕಳೆದ ಸಭೆಯ ನಡಾವಳಿಯನ್ನೋ? ನಡಾವಳಿ ಪುಸ್ತಕದಲ್ಲಿ ಬರೆದು, ಅಧ್ಯಕ್ಷರ ಸಹಿಯಾದ ನಿರ್ಣಯವನ್ನು ‘ಯಥಾಪ್ರತಿ’ ಎಂದು ಮುದ್ರಿಸುತ್ತಿದ್ದರೆ ಅದರಲ್ಲಿ ಒಂದು ಒತ್ತಕ್ಷರವನ್ನೂ ಮುಟ್ಟಬಾರದು. ಪುಸ್ತಕದಲ್ಲಿ ‘ಮಂಡಿಸಲಾಯಿತು’ ಎಂದಿದ್ದರೆ ಅಚ್ಚಿನಲ್ಲಿಯೂ ಹಾಗೆಯೇ ಇರಬೇಕು. ನಾಳೆ ಯಾರಾದರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ತಿದ್ದಿದವರು ಎಷ್ಟು ಒಳ್ಳೆಯ ಕನ್ನಡ ಬರೆದರೆಂದು ಕೇಳುವುದಿಲ್ಲ, ನಿರ್ಣಯವನ್ನು ಬದಲಾಯಿಸಿದ್ದೇಕೆಂದು ಕೇಳುತ್ತಾರೆ. ಬೈಲಾದಿಂದ ಎತ್ತಿಕೊಂಡ ‘ಮಾಡತಕ್ಕದ್ದು’ ಎಂಬ ವಾಕ್ಯಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಹಳೆಯ ಕರಡಚ್ಚು

ಯಥಾಪ್ರತಿಯ ವಿಷಯದಲ್ಲಿ ಶಿರಸ್ತೇದಾರರ ಮಾತು ನೂರಕ್ಕೆ ನೂರು ನಿಜ, ನಾನು ಮೊದಲೇ ಕೇಳಬೇಕಾಗಿತ್ತು. ‘ಇರುತ್ತಾರೆ’ ವಿಷಯದಲ್ಲಿ ನಾನು ಸೋತಿಲ್ಲ, ಅವರೂ ಸೋಲುವುದಿಲ್ಲ ಎಂದು ಕಾಣುತ್ತದೆ. ಸಂಘದ ವರದಿಯನ್ನು ಅಧಿಕಾರಿಗಳಿಗಿಂತ ಹೆಚ್ಚಾಗಿ ಸದಸ್ಯರು ಓದುತ್ತಾರೆ ಎಂಬುದಷ್ಟೇ ನನ್ನ ವಾದ.

ಧಾರವಾಡದ ಓದುಗ

‘ರವರು’ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ‘ಅಧ್ಯಕ್ಷ ರವರು’ ಎಂಬುದನ್ನು ಕೂಡಿಸಿ ‘ಅಧ್ಯಕ್ಷರವರು’ ಎಂದರೆ ಸಾಕಲ್ಲವೇ?

ಹಳೆಯ ಕರಡಚ್ಚು

‘ಅಧ್ಯಕ್ಷರು’ ಎಂಬಲ್ಲಿಯೇ ಗೌರವದ ಬಹುವಚನವಿದೆ, ಅದರ ಮೇಲೆ ‘ಅವರು’ ಏರಿಸುವ ಅಗತ್ಯವಿಲ್ಲ. ‘ರವರು’ ಎಂಬ ಬಿಡಿ ಪದ ಕನ್ನಡದಲ್ಲಿ ಇಲ್ಲ. ‘ಅಧ್ಯಕ್ಷರವರು’ ಎಂಬಂತಹ ರೂಪದಿಂದ ಬಾಲವನ್ನು ಕತ್ತರಿಸಿಕೊಂಡು ಸಿಕ್ಕಸಿಕ್ಕ ಹೆಸರಿಗೆಲ್ಲ ಹಚ್ಚಿದ್ದರಿಂದ ಅದು ಬಂದಿರಬೇಕೆಂದು ನನಗೆ ಅನಿಸುತ್ತದೆ. ವ್ಯಕ್ತಿಯ ಹೆಸರಾದರೆ ‘ಅವರು’ ಎಂದು ಬಿಡಿಸಿ ಬರೆಯಿರಿ, ‘ಅಯ್ಯ’, ‘ಅಪ್ಪ’ ಎಂದು ಮುಗಿಯುವ ಹೆಸರಾದರೆ ‘ರಾಮಯ್ಯನವರು’ ಎಂಬಂತೆ ಕೂಡಿಸಬಹುದು. ‘ಕಾರ್ಯದರ್ಶಿಗಳು’ ಎಂಬುದು ಗೌರವಕ್ಕೋ, ಇಬ್ಬರಿದ್ದಾರೋ ಎಂಬ ಅನುಮಾನ ಬರುವುದರಿಂದ ನಾನು ‘ಕಾರ್ಯದರ್ಶಿಯವರು’ ಎಂದು ಬರೆಯುತ್ತೇನೆ.

ಮಲೆನಾಡಿನ ಶಿಕ್ಷಕಿ

ಇಂದು ಸಂಘದ ಕಚೇರಿಗೆ ಹೋಗಿ ನಡಾವಳಿ ಪುಸ್ತಕವನ್ನು ನೋಡಿ ಬಂದೆ. ನಾನು ಇಲ್ಲಿ ಹಾಕಿದ ಭಾಗ ವರದಿಯದು, ಯಥಾಪ್ರತಿಯಲ್ಲ. ಆದರೆ 17ನೆಯ ಪುಟದಿಂದ 19ನೆಯ ಪುಟದವರೆಗಿನ ನಿರ್ಣಯಗಳು ಯಥಾಪ್ರತಿ. ಅಲ್ಲಿ ನಾನು ಮೊನ್ನೆಯೇ ತಿದ್ದಿಬಿಟ್ಟಿದ್ದ ಆರು ಕಡೆಗಳನ್ನು ಮೊದಲಿನಂತೆಯೇ ಮಾಡಿದ್ದೇನೆ. ಈ ಭಾಗದ ಈಗಿನ ರೂಪ ಹೀಗಿದೆ.

> ಸಂಘದ ವಾರ್ಷಿಕ ಮಹಾಸಭೆಯನ್ನು ಅಧ್ಯಕ್ಷರು ಉದ್ಘಾಟಿಸಿದರು. ಕಾರ್ಯದರ್ಶಿಯವರು ಹಿಂದಿನ ಸಾಲಿನ ಲೆಕ್ಕಪತ್ರವನ್ನು ಸಭೆಯ ಮುಂದೆ ಮಂಡಿಸಿದರು. ಹೊಸ ಸದಸ್ಯತ್ವಕ್ಕೆ ಬಂದ 37 ಅರ್ಜಿಗಳನ್ನು ಪರಿಶೀಲಿಸಲಾಗಿದೆ. ಇವುಗಳಲ್ಲಿ 31 ಅರ್ಜಿಗಳು ಕ್ರಮಬದ್ಧವಾಗಿವೆ. ಹಾಲು ಪರೀಕ್ಷಿಸುವ ಯಂತ್ರವನ್ನು ಸಮಿತಿಯವರು ಪರಿಶೀಲಿಸಿ ಖರೀದಿಸಿದ್ದಾರೆ. ಸಂಘದ ಅಭಿವೃದ್ಧಿಗೆ ಎಲ್ಲ ಸದಸ್ಯರು ಸಹಕರಿಸಬೇಕೆಂದು ತೀರ್ಮಾನಿಸಲಾಯಿತು.

‘ಎಲ್ಲಾ’ ಎಂಬುದನ್ನು ‘ಎಲ್ಲ’ ಎಂದು ಮಾಡಿದ್ದು ಸರಿಯೇ? ಅಧ್ಯಕ್ಷರಿಗೆ ಮಾತ್ರ ಮೊದಲ ವಾಕ್ಯ ಹಿಡಿಸಲಿಲ್ಲ. ‘ರವರು’ ತೆಗೆದದ್ದು ಏಕೆಂದು ಕೇಳಿದರು.

ನಿವೃತ್ತ ಶಿರಸ್ತೇದಾರ

‘ಎಲ್ಲಾ’ ಎಂಬುದೂ ಬಳಕೆಯಲ್ಲಿದೆ, ಅದನ್ನು ತಪ್ಪೆನ್ನಲಾರೆ. ಅಧ್ಯಕ್ಷರ ವಿಷಯಕ್ಕೆ ‘ಸಂಘದ ಅಧ್ಯಕ್ಷರಾದ ಶ್ರೀ’ ಎಂದು ಬರೆದು, ಹೆಸರು ಹಾಕಿ, ‘ಅವರು ಉದ್ಘಾಟಿಸಿದರು’ ಎಂದು ಮಾಡಿಬಿಡಿ. ಅವರ ಹೆಸರೂ ಅಚ್ಚಾಗುತ್ತದೆ.

ಹಳೆಯ ಕರಡಚ್ಚು

‘ಎಲ್ಲ’ ನನಗೆ ಇಷ್ಟ. ಆದರೆ ಉಳಿದ ಪುಟಗಳಲ್ಲಿ ‘ಎಲ್ಲಾ’ ಎಂದೇ ಇದ್ದರೆ ಇದೊಂದನ್ನು ಬದಲಾಯಿಸಿ ಪ್ರಯೋಜನವಿಲ್ಲ, ಎಣಿಸಿ ನೋಡಿ ಹೆಚ್ಚು ಯಾವುದಿದೆಯೋ ಅದಕ್ಕೇ ಹೊಂದಿಸಿ. ಅಚ್ಚಿಗೆ ಕೊಟ್ಟ ಮೇಲೆ ಮುದ್ರಣಾಲಯದಿಂದ ಬರುವ ಕೊನೆಯ ಕರಡನ್ನು ಕಾಗದದ ಮೇಲೆಯೇ ತರಿಸಿಕೊಳ್ಳಿ. ಅವರು ಹಳೆಯ ಅಕ್ಷರ ವಿನ್ಯಾಸಕ್ಕೆ ಪರಿವರ್ತಿಸಿಕೊಳ್ಳುವವರಾದರೆ ನೀವು ಹಾಕಿದ ‘ದ್ಧ’ ಮತ್ತೆ ಏನಾಗಿರುತ್ತದೆಂದು ಪರದೆಯ ಮೇಲೆ ತಿಳಿಯುವುದಿಲ್ಲ.

ಮಲೆನಾಡಿನ ಶಿಕ್ಷಕಿ

ಎಣಿಸಿದೆ ಸರ್. ‘ಎಲ್ಲಾ’ 14 ಕಡೆ, ‘ಎಲ್ಲ’ 3 ಕಡೆ. ‘ಎಲ್ಲಾ’ ಎಂದೇ ಉಳಿಸಿದ್ದೇನೆ. ಶಿರಸ್ತೇದಾರರು ಸೂಚಿಸಿದ ವಾಕ್ಯವನ್ನು ಅಧ್ಯಕ್ಷರಿಗೆ ಓದಿ ಹೇಳಿದಾಗ ಒಪ್ಪಿದರು. ಆದರೆ ಹೆಸರಿನ ಮುಂದೆ ‘ಅವರು’ ಬದಲು ‘ರವರು’ ಇದ್ದರೆ ಚೆನ್ನಾಗಿತ್ತು ಎಂದು ಇನ್ನೊಮ್ಮೆ ಹೇಳಿದರು. ಕಾಗದದ ಕರಡು ಸೋಮವಾರ ಬರುತ್ತದೆ.